ತೂಕ ಇನ್ನೂರ ಎಂಬತ್ತು, ಬಿಲ್ಲು ನಾನೂರಕ್ಕೆ

ಚನ್ನಪಟ್ಟಣದ ಗೊಂಬೆಗಳನ್ನು ಜರ್ಮನಿಯ ಹ್ಯಾಂಬರ್ಗ್‌ಗೆ ಕಳಿಸಬೇಕು ಎಂದಿಟ್ಟುಕೊಳ್ಳಿ. ಹಾಲೆ ಮರದ, ಅರಗಿನ ಬಣ್ಣದ ಗೊಂಬೆಗಳು. ಇಪ್ಪತ್ತು ಕಾರ್ಟನ್, ಒಂದೊಂದೂ 60 ಸೆಂ.ಮೀ. ಉದ್ದ, 50 ಅಗಲ, 40 ಎತ್ತರ. ತಕ್ಕಡಿಗೆ ಇಟ್ಟರೆ ತಲಾ 14 ಕಿಲೋ, ಒಟ್ಟು 280 ಕಿಲೋ. ಆದರೆ ವಿಮಾನದ ಬಿಲ್ಲು ಬರುವುದು 400 ಕಿಲೋಗೆ. ಹೊಸದಾಗಿ ರಫ್ತಿಗೆ ಇಳಿದವರು ಇದನ್ನು ಮೋಸ ಎಂದುಕೊಳ್ಳುತ್ತಾರೆ. ಮೋಸವಲ್ಲ, ಲೆಕ್ಕ. ಮೊದಲೇ ತಿಳಿದಿದ್ದರೆ ತಗ್ಗಿಸಬಹುದಾದ ಲೆಕ್ಕ.

ವಿಮಾನದ ಹೊಟ್ಟೆಯಲ್ಲಿ ಜಾಗಕ್ಕೂ ಮಿತಿ, ಹೊರುವ ಭಾರಕ್ಕೂ ಮಿತಿ. ಹಗುರವಾದ ದೊಡ್ಡ ಡಬ್ಬಗಳೇ ಜಾಗ ತುಂಬಿದರೆ ಕಂಪನಿಗೆ ಆದಾಯ ಹುಟ್ಟುವುದಿಲ್ಲ. ಹಾಗಾಗಿ 6000 ಘನ ಸೆಂ.ಮೀ. ಜಾಗವನ್ನು ಒಂದು ಕಿಲೋ ಎಂದು ಹಿಡಿಯುತ್ತಾರೆ. ನಮ್ಮ ಕಾರ್ಟನ್ನಿನ ಮೂರು ಅಳತೆಗಳನ್ನು ಗುಣಿಸಿದರೆ 1,20,000. ಅದನ್ನು 6000ದಿಂದ ಭಾಗಿಸಿದರೆ 20 ಕಿಲೋ, ಇಪ್ಪತ್ತು ಕಾರ್ಟನ್ನಿಗೆ 400. ಇದು ಗಾತ್ರದ ತೂಕ. ನಿಜವಾದ ತೂಕ ಮತ್ತು ಗಾತ್ರದ ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೇ ಬಾಡಿಗೆ. ಕೊರಿಯರ್‌ನಲ್ಲಿ ಕಳಿಸಿದರೆ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆಗ ಇದೇ ಸರಕು 480 ಕಿಲೋ ಆಗುತ್ತದೆ.

ಹಡಗಿನ ಲೆಕ್ಕವೇ ಬೇರೆ. ಪೂರ್ತಿ ಕಂಟೇನರ್ ತುಂಬದ ಸರಕನ್ನು ಬೇರೆಯವರ ಸರಕಿನ ಜೊತೆ ಸೇರಿಸಿ ಕಳಿಸುವುದನ್ನು ಎಲ್‌ಸಿಎಲ್ ಎನ್ನುತ್ತಾರೆ. ಅಲ್ಲಿ ಒಂದು ಘನ ಮೀಟರ್ ಜಾಗ ಒಂದು ಟನ್ನಿಗೆ ಸಮ. ನಮ್ಮ ಸರಕು 2.4 ಘನ ಮೀಟರ್, ತೂಕ 0.28 ಟನ್. ಬಾಡಿಗೆ 2.4ಕ್ಕೆ. ಅಂದರೆ ಘನ ಮೀಟರಿಗೆ 167 ಕಿಲೋ ದಾಟಿದ ಸರಕಿಗೆ ವಿಮಾನದವರು ತಕ್ಕಡಿ ನೋಡುತ್ತಾರೆ. ಹಡಗಿನವರು 1000 ಕಿಲೋ ದಾಟುವ ತನಕ ಟೇಪನ್ನೇ ನೋಡುತ್ತಾರೆ. ಮೂಟೆಯಲ್ಲಿ ತುಂಬಿದ ಕಾಫಿ ಬೀಜ ಈ ಎರಡರ ನಡುವೆ ಬರುವ ಸರಕು: ವಿಮಾನದಲ್ಲಿ ತೂಕಕ್ಕೆ ಬಾಡಿಗೆ, ಹಡಗಿನಲ್ಲಿ ಜಾಗಕ್ಕೆ.

ಈಗ ದುಡ್ಡಿನ ಮಾತು. ದರ ವಾರವಾರವೂ ಬದಲಾಗುತ್ತದೆ, ಆದ್ದರಿಂದ ಇಲ್ಲಿರುವುದು ಲೆಕ್ಕಕ್ಕಾಗಿ ಇಟ್ಟುಕೊಂಡ ದರ. ವಿಮಾನಕ್ಕೆ 100 ಕಿಲೋ ಮೇಲ್ಪಟ್ಟರೆ ಕಿಲೋಗೆ 250 ರೂಪಾಯಿ, 300 ಅಥವಾ ಅದಕ್ಕೂ ಮೇಲ್ಪಟ್ಟರೆ 230. ಹಡಗಿಗೆ ಘನ ಮೀಟರಿಗೆ 4,500. ವಿಮಾನದ ಬಾಡಿಗೆ 92,000 ರೂಪಾಯಿ, ಹಡಗಿನದು 10,800. ಆದರೆ ಹಡಗಿನ ಈ ಅಂಕಿ ನೋಡಿ ಹಿಗ್ಗಬೇಡಿ. ಬೆಂಗಳೂರಿನಿಂದ ಚೆನ್ನೈ ಬಂದರಿಗೆ ಸಾಗಿಸುವ ಖರ್ಚು, ಗೋದಾಮಿನಲ್ಲಿ ಸರಕು ಕೂಡಿಸುವ ಖರ್ಚು, ಕಾಗದಪತ್ರದ ಖರ್ಚು, ಹ್ಯಾಂಬರ್ಗ್‌ನಲ್ಲಿ ಬಿಡಿಸಿಕೊಳ್ಳುವ ಖರ್ಚು, ಎಲ್ಲ ಕೂಡಿದರೆ ಸಣ್ಣ ಸರಕಿಗೆ ಬಾಡಿಗೆಯನ್ನೇ ಮೀರಬಹುದು. ಜೊತೆಗೆ ವಾರಗಟ್ಟಲೆ ಕಾಯಬೇಕು. ಒಂದು ಘನ ಮೀಟರಿಗಿಂತ ಕಡಿಮೆ ಇದ್ದರೂ ಒಂದಕ್ಕೆ ಕೊಡಬೇಕಾಗುವುದೇ ಹೆಚ್ಚು.

ನನ್ನ ಪ್ರಕಾರ ಲಾಭ ನಷ್ಟ ತೀರ್ಮಾನವಾಗುವುದು ಪ್ಯಾಕಿಂಗ್ ಮೇಜಿನ ಮೇಲೆ. ಗೊಂಬೆಗಳ ನಡುವಿನ ಖಾಲಿ ಜಾಗ ತಗ್ಗಿಸಿ ಕಾರ್ಟನ್ನನ್ನು 55, 45, 36 ಸೆಂ.ಮೀ.ಗೆ ಇಳಿಸಿದೆವು ಅನ್ನಿ. ಗಾತ್ರದ ತೂಕ ತಲಾ 14.85, ಒಟ್ಟು 297 ಕಿಲೋ. 250ರಂತೆ 74,250 ರೂಪಾಯಿ. ಇಲ್ಲೊಂದು ಒಳದಾರಿ ಇದೆ. ಮೂರು ಕಿಲೋ ಸುಮ್ಮನೆ ಹೆಚ್ಚಿಗೆ ಒಪ್ಪಿಕೊಂಡು 300 ಎಂದು ಬರೆಸಿದರೆ ದರ 230ಕ್ಕೆ ಇಳಿದು ಬಿಲ್ಲು 69,000 ಆಗುತ್ತದೆ. ವಿಮಾನ ದರದ ನಿಯಮವೇ ಇದಕ್ಕೆ ಅವಕಾಶ ಕೊಡುತ್ತದೆ. ಒಟ್ಟು ಉಳಿತಾಯ 23,000. ಅದೇ ಸಣ್ಣ ಕಾರ್ಟನ್ ಹಡಗಿನಲ್ಲಿ ಹೋದರೆ ಬಾಡಿಗೆಯಲ್ಲಿ ಉಳಿಯುವುದು ಮೂರು ಸಾವಿರಕ್ಕೂ ಕಡಿಮೆ.

ಎಡವುವುದು ಎಲ್ಲಿ? ತೆಳು ಕಾರ್ಟನ್ನಿಗೆ ಒತ್ತಿ ತುಂಬಿದಾಗ ಬದಿಗಳು ಉಬ್ಬುತ್ತವೆ. ಸರಕು ಟರ್ಮಿನಲ್‌ನಲ್ಲಿ ಮತ್ತೆ ಅಳೆಯುವಾಗ ಉಬ್ಬಿದ ತುದಿಯಿಂದ ತುದಿಗೆ ಹಿಡಿಯುತ್ತಾರೆ, ಕಾರ್ಟನ್ ಮೇಲೆ ಅಚ್ಚಾದ ಅಳತೆಯನ್ನಲ್ಲ. ಮೊದಲಿನ ಕಾರ್ಟನ್ ಮೂರೂ ಕಡೆ ಎರಡೆರಡು ಸೆಂ.ಮೀ. ಉಬ್ಬಿದರೆ 400 ಕಿಲೋ 451.5 ಆಗುತ್ತದೆ. ಗೊಂಬೆ ಒಂದೂ ಹೆಚ್ಚಾಗಿಲ್ಲ, ಬಾಡಿಗೆ ಮಾತ್ರ 11,845 ರೂಪಾಯಿ ಏರಿತು. ಕಾರ್ಟನ್‌ಗಳನ್ನು ಮರದ ಪ್ಯಾಲೆಟ್ ಮೇಲೆ ಜೋಡಿಸಿದರೆ ಆ ಪ್ಯಾಲೆಟ್ಟಿನ ಎತ್ತರವೂ, ಅಂಚಿನಲ್ಲಿ ಉಳಿದ ಖಾಲಿ ಜಾಗವೂ ಅಳತೆಗೆ ಸೇರುತ್ತವೆ. ಕೊಟೇಶನ್‌ಗಿಂತ ಬಿಲ್ಲು ಹೆಚ್ಚು ಬಂದಾಗ ಏರ್‌ವೇ ಬಿಲ್ಲಿನಲ್ಲಿ ಒಟ್ಟು ತೂಕ ಮತ್ತು ಬಾಡಿಗೆ ತೂಕದ ಎರಡು ಅಂಕಣಗಳನ್ನು ಹೋಲಿಸಿ ನೋಡಿ. ಮೊದಲನೆಯದು ನಿಮ್ಮ ಲೆಕ್ಕಕ್ಕೆ ಸರಿಹೊಂದಿ ಎರಡನೆಯದು ಮಾತ್ರ ಹೆಚ್ಚಿದ್ದರೆ ತಪ್ಪಿರುವುದು ಟೇಪಿನ ಅಳತೆಯಲ್ಲಿ.

ಕಾರ್ಟನ್ ತುಂಬಿ, ಟೇಪ್ ಅಂಟಿಸಿ, ಪ್ಯಾಲೆಟ್ ಮೇಲೇರಿಸಿದ ಮೇಲೆ ಅಳತೆ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಕೊಟೇಶನ್ ಕೇಳುವುದು ಆ ಮೇಲಿನ ಕೆಲಸ.