‘ಅಲ್ಲ’ ಬಂದಲ್ಲಿ ‘ಈಸ್’ ಬೇಕು

ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದ ಕೂಡಲೇ ನಮ್ಮಲ್ಲಿ ಅನೇಕರು ಹೀಗೆ ಶುರು ಮಾಡುತ್ತೇವೆ: ‘ಮೈ ನೇಮ್ ರಮೇಶ. ಮೈ ಫಾದರ್ ಫಾರ್ಮರ್. ಮೈ ಬ್ರದರ್ ಈಸ್ ವರ್ಕ್ಸ್ ಇನ್ ಬೆಂಗಳೂರು.’ ಬೇಕಾದ ಕಡೆ ‘ಈಸ್’ ಇಲ್ಲ, ಬೇಡದ ಕಡೆ ಇದೆ!

ಇದು ದಡ್ಡತನವಲ್ಲ. ಕನ್ನಡದಲ್ಲಿ ‘ನನ್ನ ಹೆಸರು ರಮೇಶ’, ‘ನಮ್ಮಪ್ಪ ರೈತರು’ ಎಂದರೆ ವಾಕ್ಯ ಮುಗಿಯಿತು. ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷ್‌ನಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲುವುದಿಲ್ಲ. ಅದಕ್ಕೇ ‘ಈಸ್ ಅಂದರೆ ಇದೆ’ ಎಂದು ಕಲಿತವರು ಎಡವುತ್ತಾರೆ. ‘ಅಪ್ಪ ಹೊಲದಲ್ಲಿದ್ದಾರೆ’ ಎಂಬಲ್ಲಿ ‘ಇದ್ದಾರೆ’ ಕಣ್ಣಿಗೆ ಕಾಣುತ್ತದೆ, ಹಾಗಾಗಿ ‘ಈಸ್’ ನೆನಪಾಗುತ್ತದೆ. ‘ಅಪ್ಪ ರೈತರು’ ಎಂಬಲ್ಲಿ ಕಾಣುವುದೇ ಇಲ್ಲ, ಹಾಗಾಗಿ ಬಿಟ್ಟುಹೋಗುತ್ತದೆ.

ಕಾಣದ್ದನ್ನು ಹಿಡಿಯಲು ಕನ್ನಡದಲ್ಲೇ ಒಂದು ಉಪಾಯವಿದೆ. ವಾಕ್ಯವನ್ನು ‘ಇಲ್ಲ’ ಎನ್ನುವ ಅರ್ಥಕ್ಕೆ ತಿರುಗಿಸಿ ನೋಡಿ. ‘ಅಪ್ಪ ರೈತರು’ ಎಂಬುದು ‘ಅಪ್ಪ ರೈತರಲ್ಲ’ ಆಗುತ್ತದೆ. ‘ಅಲ್ಲ’ ಬಂತೆಂದರೆ ಅಲ್ಲಿ ಆ್ಯಮ್, ಈಸ್, ಆರ್ ಇವುಗಳಲ್ಲಿ ಒಂದು ಬೇಕೇಬೇಕು: ‘ಮೈ ಫಾದರ್ ಈಸ್ ಎ ಫಾರ್ಮರ್.’ ಇನ್ನು ‘ಅಣ್ಣ ಕೆಲಸ ಮಾಡುತ್ತಾನೆ’ ಎಂಬುದು ‘ಮಾಡುವುದಿಲ್ಲ’ ಆಗುತ್ತದೆ. ‘ಅಲ್ಲ’ ಬರಲಿಲ್ಲ, ‘ಮಾಡು’ ಎಂಬ ಕ್ರಿಯಾಪದ ಆಗಲೇ ಇದೆ. ಆದ್ದರಿಂದ ‘ಮೈ ಬ್ರದರ್ ವರ್ಕ್ಸ್’ ಸಾಕು. ‘ಮಾಡುತ್ತಿದ್ದಾನೆ’ ಎಂದರೆ ಮಾತ್ರ ಅದರೊಳಗೆ ‘ಇದ್ದಾನೆ’ ಸೇರಿಕೊಂಡಿದೆ. ಆಗ ‘ಈಸ್ ವರ್ಕಿಂಗ್’ ಎನ್ನಬೇಕು.

ತಂಗಿಗೋ ತಮ್ಮನಿಗೋ ಹೇಳಿಕೊಡುವವರು ಪಾಠವನ್ನು ನಿನ್ನೆಯಿಂದ ಶುರು ಮಾಡಿದರೆ ಒಳ್ಳೆಯದು. ಭೂತಕಾಲದಲ್ಲಿ ಕನ್ನಡವೂ ಕ್ರಿಯಾಪದ ಕೇಳುತ್ತದೆ: ‘ಹೋದ ವರ್ಷ ನಾನು ವಿದ್ಯಾರ್ಥಿಯಾಗಿದ್ದೆ.’ ‘ಇದ್ದೆ’ ಕಾಣುವುದರಿಂದ ‘ಐ ವಾಸ್ ಎ ಸ್ಟೂಡೆಂಟ್’ ಸುಲಭವಾಗಿ ಬರುತ್ತದೆ. ಹತ್ತು ವಾಕ್ಯ ಹೀಗೆ ಹೇಳಿಸಿ, ಬಳಿಕ ಅದೇ ವಾಕ್ಯಗಳನ್ನು ಇಂದಿಗೆ ತನ್ನಿ: ‘ಐ ಆ್ಯಮ್ ಎ ಗ್ರಾಜುಯೇಟ್.’ ‘ವಾಸ್’ ಇದ್ದ ಜಾಗ ಖಾಲಿ ಬಿಡುವಂತಿಲ್ಲ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಆಮೇಲೆ ಪ್ರಶ್ನೆಗಳು. ‘ನಿಮ್ಮ ಹೆಸರೇನು?’ ಎಂಬಲ್ಲಿಯೂ ಕ್ರಿಯಾಪದವಿಲ್ಲ. ಅದಕ್ಕೇ ‘ವಾಟ್ ಯುವರ್ ನೇಮ್?’ ಎಂದುಬಿಡುತ್ತೇವೆ. ಇಂಗ್ಲಿಷ್ ಮಾತನಾಡುವವರೂ ಇಲ್ಲಿ ‘ಈಸ್’ ಅನ್ನು ‘ವಾಟ್ಸ್’ ಎಂದು ನುಂಗುವುದರಿಂದ ನಮ್ಮ ಕಿವಿಗೆ ಅದು ಬೀಳುವುದಿಲ್ಲ. ಕಲಿಯುವಾಗ ‘ವಾಟ್ ಈಸ್’ ಎಂದು ಬಿಡಿಸಿಯೇ ಹೇಳಿಸಬೇಕು.

ಮಾತಿನ ನಡುವೆ ಈ ಪರೀಕ್ಷೆಗೆಲ್ಲ ಪುರುಸೊತ್ತು ಸಿಗದು, ನಿಜ. ಹಾಗಾಗಿ ನಿಮ್ಮ ಪರಿಚಯದ ಐದಾರು ವಾಕ್ಯಗಳನ್ನು ಮೊದಲು ಬರೆದುಕೊಳ್ಳಿ. ಒಂದೊಂದಕ್ಕೂ ‘ಅಲ್ಲ’ ಹಚ್ಚಿ ನೋಡಿ, ತಿದ್ದಿ, ನಂತರ ಗಟ್ಟಿಯಾಗಿ ಹೇಳಿ.