ಹಲಗೆಯ ಹಿಂದಿನ ಪೆಟ್ಟಿಗೆ

ಐದು ತಿಂಗಳ ಕೂಸು ಗಿಲಕಿಗೆ ಕೈ ಚಾಚುತ್ತಿರುವಾಗ ಗಿಲಕಿಯ ಮೇಲೊಂದು ಕರ್ಚೀಫು ಮುಚ್ಚಿ ನೋಡಿ. ಚಾಚಿದ ಕೈ ಅಲ್ಲೇ ನಿಂತುಬಿಡುತ್ತದೆ. ಕರ್ಚೀಫನ್ನು ಎಳೆಯಲು ಬಾರದ ಕೈಯೇನಲ್ಲ ಅದು. ಬರೀ ಬಟ್ಟೆಯನ್ನು ಕೊಟ್ಟರೆ ಹಿಡಿದೆಳೆದು ಬಾಯಿಗೆ ತುರುಕಿಕೊಳ್ಳುತ್ತದೆ. ಆದರೆ ಗಿಲಕಿ ಬೇಕೆಂದು ಬಟ್ಟೆ ಸರಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳ ಮೇಲೆ ಇಂಥ ಪರೀಕ್ಷೆಗಳನ್ನು ಮಾಡಿ, ಸುಮಾರು ಎಂಟು ತಿಂಗಳಾಗುವ ತನಕ ಕಣ್ಮರೆಯಾದ ವಸ್ತು ಕೂಸಿನ ಪಾಲಿಗೆ ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಬಿ.ಎಡ್. ಓದಿದವರು ಇದನ್ನು ಪರೀಕ್ಷೆಗೆ ಬರೆದೂ ಇರುತ್ತಾರೆ.

ಆದರೆ ಬಟ್ಟೆ ಸರಿಸದಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಗಿಲಕಿ ಅಲ್ಲೇ ಇದೆ ಎಂದು ಗೊತ್ತಿದ್ದೂ, ಒಂದನ್ನು ಪಡೆಯಲು ಮೊದಲು ಇನ್ನೊಂದನ್ನು ಸರಿಸಬೇಕು ಎಂಬ ಎರಡು ಹೆಜ್ಜೆಯ ಕೆಲಸ ಆ ವಯಸ್ಸಿಗೆ ಹೊಳೆಯದೆ ಹೋಗಬಹುದು. ಹಾಗಿದ್ದರೆ ಕೈಯನ್ನು ಕೇಳಿ ಪ್ರಯೋಜನವಿಲ್ಲ. ಮಾತು ಹೇಗೂ ಬಾರದು. ಉಳಿಯುವುದು ಕಣ್ಣು.

ಕಣ್ಣನ್ನು ಕೇಳುವ ದಾರಿಯನ್ನು ಸರಿಯಾಗಿ ರೂಪಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿದ್ದ ರಾಬರ್ಟ್ ಫ್ಯಾಂಟ್ಸ್. ಅವರ ಉಪಕರಣ ಸರಳವಾಗಿತ್ತು. ಕೂಸನ್ನು ಗೂಡಿನಂಥ ಒಂದು ಪುಟ್ಟ ಕೋಣೆಯೊಳಗೆ ಅಂಗಾತ ಮಲಗಿಸುವುದು. ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕುವುದು. ನಡುವಿನ ಸಣ್ಣ ಕಿಂಡಿಯಿಂದ ಇಣುಕುವುದು. ಕೂಸು ಯಾವ ಚಿತ್ರವನ್ನು ನೋಡುತ್ತಿದೆಯೋ ಅದರ ಪ್ರತಿಬಿಂಬ ಅದರ ಕಣ್ಣಪಾಪೆಯ ಮೇಲೆಯೇ ಕಾಣುತ್ತದೆ. ಪ್ರತಿಬಿಂಬ ಅಲ್ಲಿ ಎಷ್ಟು ಹೊತ್ತು ಇತ್ತು ಎಂದು ಸಮಯ ಗುರುತಿಸಿಕೊಂಡರಾಯಿತು. ಒಂದು ಪಕ್ಕಕ್ಕೇ ಕತ್ತು ತಿರುಗಿಸಿ ಮಲಗುವ ಕೂಸುಗಳಿರುತ್ತವಾದ್ದರಿಂದ ಚಿತ್ರಗಳ ಜಾಗವನ್ನು ಎಡಬಲ ಬದಲಿಸುತ್ತಿರಬೇಕು. 1963ರಲ್ಲಿ ಫ್ಯಾಂಟ್ಸ್ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹುಟ್ಟಿ ಐದು ದಿನ ತುಂಬದ ಶಿಶುಗಳೂ ಬರೀ ಬಣ್ಣದ ಬಿಲ್ಲೆಗಿಂತ ಗೆರೆ, ಮುಖ, ಅಕ್ಷರಗಳಿದ್ದ ಬಿಲ್ಲೆಗಳನ್ನು ಹೆಚ್ಚು ಹೊತ್ತು ನೋಡುತ್ತಿದ್ದವು. ಎಳೆಗೂಸಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಎರಡರಲ್ಲಿ ಯಾವುದರತ್ತ ನೋಟ ವಾಲುತ್ತದೆ ಎಂದು ಅಳೆಯುವ ಈ ವಿಧಾನಕ್ಕೆ ‘ಪ್ರಿಫರೆನ್ಷಿಯಲ್ ಲುಕಿಂಗ್’ ಎಂದು ಹೆಸರು. ಕಣ್ಣಿನ ಡಾಕ್ಟರು ಪುಟ್ಟ ಮಕ್ಕಳ ದೃಷ್ಟಿ ಪರೀಕ್ಷಿಸಲು ಇವತ್ತೂ ಇದನ್ನೇ ಬಳಸುತ್ತಾರೆ. ಡೇವಿಡಾ ಟೆಲರ್ ಹೆಸರಿನ ಕಾರ್ಡುಗಳಲ್ಲಿ ಒಂದು ಕಡೆ ಕಪ್ಪು-ಬಿಳಿ ಪಟ್ಟೆಗಳಿದ್ದು, ಉಳಿದ ಭಾಗವೆಲ್ಲ ಅಷ್ಟೇ ಹೊಳಪಿನ ಬೂದು ಬಣ್ಣವಿರುತ್ತದೆ. ಪಟ್ಟೆ ಕಂಡರೆ ಮಗು ಅತ್ತ ತಿರುಗುತ್ತದೆ. ಕಾರ್ಡಿನಿಂದ ಕಾರ್ಡಿಗೆ ಪಟ್ಟೆಗಳು ಸಣ್ಣದಾಗುತ್ತ ಹೋಗಿ, ಯಾವ ಹಂತದಲ್ಲಿ ಮಗು ತಿರುಗುವುದನ್ನು ಬಿಡುತ್ತದೋ ಅಲ್ಲಿಗೆ ಅದರ ದೃಷ್ಟಿಯ ಮಿತಿ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಟೆಲರ್ ಹಾಕಿಕೊಂಡ ಒಂದು ಕಟ್ಟುಪಾಡು. ಪಟ್ಟೆ ಯಾವ ಕಡೆ ಇದೆ ಎಂಬುದು ಪರೀಕ್ಷಿಸುವವರಿಗೇ ಗೊತ್ತಿರಬಾರದು. ಮಗುವಿನ ಮುಖವೊಂದನ್ನೇ ನೋಡಿ ಅವರು ಎಡವೋ ಬಲವೋ ಹೇಳಬೇಕು. ಅವರ ಊಹೆ ಮತ್ತೆ ಮತ್ತೆ ಸರಿಯಾದರೆ ಮಗುವಿಗೆ ಕಂಡಿದೆ ಎಂದರ್ಥ. ತಮ್ಮ ಆಸೆಯನ್ನು ಮಗುವಿನ ಕಣ್ಣಿನಲ್ಲಿ ಓದಿಕೊಳ್ಳಲು ದಾರಿಯೇ ಇಲ್ಲ.

ಈ ವಿಧಾನಕ್ಕೆ ಒಂದು ಕುಂದಿದೆ. ಎರಡನ್ನೂ ಸಮವಾಗಿ ನೋಡಿದರೆ ಕೂಸಿಗೆ ವ್ಯತ್ಯಾಸ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಎರಡೂ ಹಿಡಿಸಿದವೋ ಹೇಳಲಾಗದು. ಅದಕ್ಕೆ ಉಪಾಯವೆಂದರೆ ಎರಡರಲ್ಲಿ ಒಂದನ್ನು ಮೊದಲೇ ಬೋರು ಹೊಡೆಸುವುದು. 1964ರಲ್ಲಿ ಫ್ಯಾಂಟ್ಸ್ ಒಂದು ನಿಮಿಷದಂತೆ ಹತ್ತು ಸಲ ಜೋಡಿ ಚಿತ್ರಗಳನ್ನು ತೋರಿಸಿದರು. ಜೋಡಿಯಲ್ಲಿ ಒಂದು ಚಿತ್ರ ಪ್ರತಿಸಲವೂ ಅದೇ, ಇನ್ನೊಂದು ಪ್ರತಿಸಲವೂ ಹೊಸದು. ಎರಡು ತಿಂಗಳು ದಾಟಿದ ಕೂಸುಗಳು ಬರಬರುತ್ತ ಹಳೆಯ ಚಿತ್ರವನ್ನು ಬಿಟ್ಟು ಹೊಸದರತ್ತ ವಾಲಿದವು. ಹಳೆಯದು ನೆನಪಿರದಿದ್ದರೆ ಅದು ಹಳೆಯದಾಗುವುದಾದರೂ ಹೇಗೆ? ಹೀಗೆ ಒಗ್ಗಿಸಿ, ಆಮೇಲೆ ಬದಲಾವಣೆ ತೋರಿಸಿ, ನೋಟ ಮರಳುತ್ತದೆಯೇ ಎಂದು ನೋಡುವುದು ‘ಹ್ಯಾಬಿಚುಯೇಷನ್’ ವಿಧಾನ.

ಪಿಯಾಜೆಯ ಗಿಲಕಿಯ ಪ್ರಶ್ನೆಯನ್ನು ಈ ವಿಧಾನದಿಂದ ಮತ್ತೆ ಕೇಳಿದವರು ರೆನೆ ಬಾಯರ್ಜಾನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್‌ಮನ್. 1985ರಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ‘ಡ್ರಾಬ್ರಿಡ್ಜ್’ ಎಂದು ಕರೆಯುವುದು ವಾಡಿಕೆ. ಐದು ತಿಂಗಳ ಕೂಸು ಅಪ್ಪ ಅಥವಾ ಅಮ್ಮನ ತೊಡೆಯ ಮೇಲೆ ಕೂತಿರುತ್ತದೆ. ಎದುರಿನ ಪುಟ್ಟ ವೇದಿಕೆಯ ಮೇಲೊಂದು ಹಲಗೆ. ಪುಸ್ತಕದ ರಟ್ಟನ್ನು ತೆರೆದು ಮುಚ್ಚುವ ಹಾಗೆ ಅದು ಕೂಸಿನ ಕಡೆಯಿಂದ ಮೇಲೆದ್ದು, ನೆಟ್ಟಗೆ ನಿಂತು, ಆಚೆ ಬದಿಗೆ ಪೂರ್ತಿ 180 ಡಿಗ್ರಿ ಮಲಗಿ, ಮತ್ತೆ ಹಿಂದಕ್ಕೆ ಬರುತ್ತದೆ.

ಕೂಸು ನೋಡುತ್ತಿರುವಷ್ಟು ಹೊತ್ತೂ ಹಲಗೆ ಆಡುತ್ತಿರುತ್ತದೆ. ಎರಡು ಸೆಕೆಂಡು ಸತತವಾಗಿ ನೋಟ ಬೇರೆಡೆ ಹೋದರೆ ಆ ಸರದಿ ಮುಗಿದಂತೆ. ಮೊದಲ ಮೂರು ಸರದಿಗಳಲ್ಲಿ ಕೂಸು ಒಟ್ಟು 90 ಸೆಕೆಂಡು ನೋಡಿತು ಎಂದುಕೊಳ್ಳಿ. ಮುಂದೆ ಯಾವುದಾದರೂ ಸಾಲಾದ ಮೂರು ಸರದಿಗಳ ಮೊತ್ತ 45 ಸೆಕೆಂಡಿಗೆ, ಅಂದರೆ ಅರ್ಧಕ್ಕೆ ಇಳಿದಾಗ ಕೂಸು ಒಗ್ಗಿದೆ ಎಂದು ಲೆಕ್ಕ. ಪ್ರತಿ ಕೂಸಿಗೂ ಅಳತೆಗೋಲು ಅದರದ್ದೇ ಮೊದಲ ನೋಟ. ಚುರುಕಿನದಕ್ಕೂ ನಿಧಾನದ್ದಕ್ಕೂ ಒಂದೇ ಗಡುವು ಹಾಕುವುದಿಲ್ಲ. ಹಲಗೆಯ ಆಚೀಚೆಯ ಕಿಂಡಿಗಳಲ್ಲಿ ಇಬ್ಬರು ಕೂತು, ಕೂಸು ನೋಡುತ್ತಿರುವಾಗಲೆಲ್ಲ ಗುಂಡಿ ಒತ್ತಿ ಹಿಡಿಯುತ್ತಾರೆ. ಈಗ ನಡೆಯುತ್ತಿರುವುದು ಯಾವ ದೃಶ್ಯ ಎಂದು ಅವರಿಗೆ ಹೇಳಿರುವುದಿಲ್ಲ. ಇಬ್ಬರ ಲೆಕ್ಕವೂ ತಾಳೆಯಾಗಬೇಕು.

ಇಷ್ಟಾದ ಮೇಲೆ ಹಲಗೆ ಮಲಗುವ ದಾರಿಯಲ್ಲಿ ಸುಮಾರು 25 ಸೆಂಟಿಮೀಟರ್ ಎತ್ತರದ ಮರದ ಪೆಟ್ಟಿಗೆಯೊಂದನ್ನು ಇಡುತ್ತಾರೆ. ಹಲಗೆ ಏಳುವಾಗ ಪೆಟ್ಟಿಗೆ ಮರೆಯಾಗುತ್ತದೆ. ಒಂದು ದೃಶ್ಯದಲ್ಲಿ ಹಲಗೆ ಪೆಟ್ಟಿಗೆಗೆ ತಾಗುವಲ್ಲಿ, 120 ಡಿಗ್ರಿಯಲ್ಲಿ, ನಿಂತು ಹಿಂದೆ ಬರುತ್ತದೆ. ಇನ್ನೊಂದರಲ್ಲಿ ಪೆಟ್ಟಿಗೆಯೇ ಇಲ್ಲವೆಂಬಂತೆ 180 ಡಿಗ್ರಿಯೂ ಮಲಗಿಬಿಡುತ್ತದೆ. ವಾಪಸು ಬಂದಾಗ ಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ಮರೆಯಲ್ಲಿ ಪೆಟ್ಟಿಗೆಯನ್ನು ಗುಟ್ಟಾಗಿ ಕೆಳಗಿಳಿಸಿ ಮತ್ತೆ ಮೇಲೆತ್ತುವ ಕೈಚಳಕವದು.

ಪ್ರಯೋಗದ ಜಾಣತನ ಇರುವುದು ಇಲ್ಲಿ. 180 ಡಿಗ್ರಿಯ ಚಲನೆ ಕೂಸು ಆಗಲೇ ನೋಡಿ ನೋಡಿ ಸಾಕಾಗಿರುವಂಥದ್ದು. 120 ಡಿಗ್ರಿಯದು ಹೊಚ್ಚ ಹೊಸದು. ಕೂಸು ಚಲನೆಯನ್ನಷ್ಟೇ ಗಮನಿಸುತ್ತಿದ್ದರೆ 120ನ್ನು ಹೆಚ್ಚು ನೋಡಬೇಕು. ಮರೆಯಲ್ಲಿರುವ ಪೆಟ್ಟಿಗೆ ಅದರ ಲೆಕ್ಕದಲ್ಲಿದ್ದರೆ ಮಾತ್ರ, ಸಾಕಾಗಿಹೋದ 180 ಮತ್ತೆ ನೋಡಬೇಕಾದ ಸಂಗತಿಯಾಗುತ್ತದೆ. ಕೂಸುಗಳು ಹೆಚ್ಚು ಹೊತ್ತು ನೋಡಿದ್ದು 180ನ್ನು. ಪೆಟ್ಟಿಗೆಯನ್ನು ಹಲಗೆಗೆ ಅಡ್ಡ ಬಾರದಂತೆ ಪಕ್ಕದಲ್ಲಿಟ್ಟಾಗ ಈ ವ್ಯತ್ಯಾಸ ಕಾಣಲಿಲ್ಲ. 1987ರಲ್ಲಿ ಬಾಯರ್ಜಾನ್ ಇದನ್ನೇ ನಾಲ್ಕೂವರೆ ತಿಂಗಳ ಕೂಸುಗಳಲ್ಲೂ, ಮೂರೂವರೆ ತಿಂಗಳವುಗಳ ಪೈಕಿ ಬೇಗ ಒಗ್ಗಿದವುಗಳಲ್ಲೂ ಕಂಡರು. ನಿಧಾನವಾಗಿ ಒಗ್ಗಿದವುಗಳಲ್ಲಿ ಕಾಣಲಿಲ್ಲ.

ಜಗಳ ಶುರುವಾಗಲು ಇಷ್ಟು ಸಾಕಾಯಿತು. ಸೂಸನ್ ರಿವೆರಾ ಮತ್ತು ಸಂಗಡಿಗರು 1999ರಲ್ಲಿ ಒಗ್ಗಿಸುವ ಹಂತವನ್ನೇ ಬಿಟ್ಟು ಪ್ರಯೋಗ ಮಾಡಿ, ಕೂಸುಗಳಿಗೆ ಹೆಚ್ಚು ದೂರ ಚಲಿಸುವ ಹಲಗೆಯೇ ಇಷ್ಟ, ಅದರಲ್ಲಿ ಪೆಟ್ಟಿಗೆಯ ಪಾತ್ರವಿಲ್ಲ ಎಂದರು. ಮರುವರ್ಷ ರಿಚರ್ಡ್ ಬೊಗಾರ್ಟ್ಸ್ ಮತ್ತು ಅವರ ಜೊತೆಗಾರರು ಇನ್ನೂ ಸೂಕ್ಷ್ಮವಾದ ಆಕ್ಷೇಪ ಎತ್ತಿದರು. ಕೂಸು ಒಂದು ದೃಶ್ಯಕ್ಕೆ ಪೂರ್ತಿ ಒಗ್ಗುವ ಮೊದಲು ಅರೆಪರಿಚಿತವಾದದ್ದನ್ನೇ ಹೆಚ್ಚು ಹುಡುಕಿ ನೋಡುವ ಹಂತವೊಂದಿದೆ. ಒಗ್ಗಿಸುವ ಕೆಲಸ ಅರ್ಧಕ್ಕೆ ನಿಂತಿದ್ದರೆ 180ನ್ನು ನೋಡುವುದು ಅಚ್ಚರಿಯಿಂದಲ್ಲ, ಪರಿಚಯದಿಂದ. ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಕೂಸು ಹೆಚ್ಚು ನೋಡಿತು ಎಂಬುದಷ್ಟೇ ಅಳತೆ. ಹೊಸತನಕ್ಕೋ, ಪರಿಚಯಕ್ಕೋ, ಅಸಾಧ್ಯವಾದದ್ದು ನಡೆಯಿತೆಂದೋ ಅನ್ನುವುದನ್ನು ಆ ಸೆಕೆಂಡುಗಳು ತಾವಾಗಿ ಹೇಳವು. ಆದರೆ ಪರಿಚಯವೇ ಕಾರಣವಾಗಿದ್ದರೆ, ಮೂರೂವರೆ ತಿಂಗಳಲ್ಲಿ 180ಕ್ಕೆ ಅಂಟಿಕೊಳ್ಳಬೇಕಾದದ್ದು ನಿಧಾನವಾಗಿ ಒಗ್ಗಿದ ಕೂಸುಗಳು. ಅಂಟಿಕೊಂಡದ್ದು ಬೇಗ ಒಗ್ಗಿದವು.

ಇಂಥ ಕೋಣೆಗಳಲ್ಲಿ ಇನ್ನೊಂದು ತೊಡಕು ಸದಾ ಇರುತ್ತದೆ. ಕೂಸುಗಳು ಅಳುತ್ತವೆ, ನಿದ್ದೆ ಹೋಗುತ್ತವೆ, ಅಮ್ಮನ ಬಳೆಯ ಜೊತೆ ಆಡುತ್ತ ಕೂರುತ್ತವೆ. ಅಂಥವನ್ನು ಲೆಕ್ಕದಿಂದ ಕೈಬಿಡಲೇಬೇಕು. ಯಾವುದನ್ನು ಕೈಬಿಡುವುದು ಎಂಬ ನಿಯಮ ಪ್ರಯೋಗಕ್ಕೆ ಮೊದಲೇ ಬರೆದಿರದಿದ್ದರೆ, ಇಪ್ಪತ್ತು ಚಿಲ್ಲರೆ ಕೂಸುಗಳ ಗುಂಪಿನಲ್ಲಿ ನಾಲ್ಕನ್ನು ಬಿಟ್ಟು ಫಲಿತಾಂಶವನ್ನೇ ತಿರುಗಿಸಿಬಿಡಬಹುದು.

ಹಾಗಾಗಿ ನನ್ನ ಮಟ್ಟಿಗೆ ತೂಕದ ಸಾಕ್ಷ್ಯವೆಂದರೆ ಕಣ್ಣನ್ನು ಬಿಟ್ಟು ಮತ್ತೆ ಕೈಯ ಬಳಿಗೇ ಹೋದ ಪ್ರಯೋಗ. 1986ರಲ್ಲಿ ಬ್ರೂಸ್ ಹುಡ್ ಮತ್ತು ಪೀಟರ್ ವಿಲ್ಯಾಟ್ಸ್ ಐದು ತಿಂಗಳ ಕೂಸುಗಳಿಗೆ ಎಡಕ್ಕೋ ಬಲಕ್ಕೋ ಒಂದು ವಸ್ತುವನ್ನು ತೋರಿಸಿದರು; ಆ ಹೊತ್ತು ಕೈಗಳನ್ನು ಮೆಲ್ಲಗೆ ಹಿಡಿದಿದ್ದರು. ಆಮೇಲೆ ದೀಪ ಆರಿಸಿ, ವಸ್ತುವನ್ನು ತೆಗೆದು, ಕೈ ಬಿಟ್ಟರು. ಕತ್ತಲಲ್ಲೂ ಚಿತ್ರ ಹಿಡಿಯುವ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದಾಗ, ವಸ್ತು ಇದ್ದ ಪಕ್ಕಕ್ಕೇ ಕೈಗಳು ಹೆಚ್ಚು ಚಾಚಿದ್ದವು. ಸರಿಸಬೇಕಾದ ಬಟ್ಟೆಯಿಲ್ಲ, ನೋಟದ ಸೆಕೆಂಡುಗಳ ಲೆಕ್ಕವಿಲ್ಲ, ಹೊಸದು ಹಳೆಯದೆಂಬ ತಕರಾರೂ ಇಲ್ಲ. ಕಾಣದ ವಸ್ತುವಿಗಾಗಿ ಐದು ತಿಂಗಳ ಕೈ ಹೊರಟಿತ್ತು.

ಇಷ್ಟರಿಂದ ಕೂಸಿಗೆ ಎಲ್ಲ ಗೊತ್ತು ಎಂದು ಹೇಳುವವರನ್ನು ತಡೆಯಲು ಇನ್ನೊಂದು ಪ್ರಯೋಗವಿದೆ. 2000ದಲ್ಲಿ ನೀಲ್ ಬರ್ತಿಯರ್ ಮತ್ತು ಸಂಗಡಿಗರು ಇಳಿಜಾರಿನಲ್ಲಿ ಒಂದು ಚೆಂಡನ್ನು ಪರದೆಯ ಹಿಂದಕ್ಕೆ ಉರುಳಿಬಿಟ್ಟರು. ಪರದೆಯಲ್ಲಿ ನಾಲ್ಕು ಪುಟ್ಟ ಬಾಗಿಲುಗಳು. ಹಿಂದೆ ಒಂದು ಅಡ್ಡಗೋಡೆಯಿದ್ದು, ಅದರ ತುದಿ ಪರದೆಯ ಮೇಲೆ ಕಾಣುತ್ತಿತ್ತು. ಚೆಂಡು ಗೋಡೆಗೆ ತಾಗಿ ನಿಂತಿರಬೇಕು, ಅಲ್ಲಿನ ಬಾಗಿಲು ತೆರೆದರಾಯಿತು. ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಸರಿಯಾದ ಬಾಗಿಲು ತೆರೆದರು. ಎರಡು, ಎರಡೂವರೆ ವರ್ಷದವರು ಒಟ್ಟಾರೆ ಕಣ್ಣುಮುಚ್ಚಿ ಆರಿಸಿದ್ದಕ್ಕಿಂತ ಮೇಲಾಗಿ ಮಾಡಲಿಲ್ಲ. ಘನವಸ್ತುವಿನ ಮೂಲಕ ಹಲಗೆ ಹಾಯುವುದನ್ನು ನಾಲ್ಕೂವರೆ ತಿಂಗಳಲ್ಲೇ ದಿಟ್ಟಿಸಿದ್ದ ಮಕ್ಕಳೇ ದೊಡ್ಡವರಾಗಿ, ಮಾತು ಕಲಿತು, ಗೋಡೆಯ ತುದಿ ಎದುರಿಗೇ ಕಾಣುತ್ತಿರುವಾಗ ತಪ್ಪು ಬಾಗಿಲು ತೆರೆಯುವುದು ಹೇಗೆ? ಹೆಚ್ಚಿನ ಸಂಶೋಧಕರು ಒಪ್ಪುವ ಉತ್ತರವೆಂದರೆ, ಕೇಳಿದ ಕೆಲಸಗಳೇ ಬೇರೆ. ಹಲಗೆಯ ಪ್ರಯೋಗದಲ್ಲಿ ಎಲ್ಲ ನಡೆದುಹೋದ ಮೇಲೆ ಏನೋ ಹೊಂದುತ್ತಿಲ್ಲ ಎನಿಸಿದರೆ ಸಾಕು. ಬಾಗಿಲಿನ ಪ್ರಯೋಗದಲ್ಲಿ ಚೆಂಡು ಎಲ್ಲಿ ನಿಲ್ಲುತ್ತದೆ ಎಂದು ಮುಂಚಿತವಾಗಿ ಲೆಕ್ಕ ಹಾಕಿ, ಆ ಲೆಕ್ಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ನಾಲ್ಕರಲ್ಲಿ ಒಂದು ಬಾಗಿಲಿಗೆ ಕೈ ಹಾಕಬೇಕು. ಮೊದಲನೆಯದನ್ನೂ ‘ಗೊತ್ತಿರುವುದು’ ಎಂದೇ ಕರೆಯಬೇಕೆ ಎಂಬುದರ ಬಗ್ಗೆ ಆ ಕ್ಷೇತ್ರದಲ್ಲಿ ಇನ್ನೂ ಒಮ್ಮತವಿಲ್ಲ.