ನಾಲ್ಕು ಮರ, ಮೂವತ್ತು ಗಿಡ

ನಂಜನಗೂಡು ತಾಲ್ಲೂಕಿನ ತುದಿಯಲ್ಲಿ, ಹೆಡಿಯಾಲದ ಕಡೆ, ಬಂಡೀಪುರದ ಕಾಡು ಶುರುವಾಗುತ್ತದೆ. ತೇಗ, ದಿಂಡಿಗ, ಮತ್ತಿ ಬೆಳೆಯುವ ಒಣ ಎಲೆಯುದುರುವ ಕಾಡು. ಇಂಥ ಕಡೆ ಒಂದು ಕರಿಮತ್ತಿಯ ಮುಂದೆ ಅಳತೆ ಟೇಪು ಹಿಡಿದು ನಿಂತಿದ್ದೇವೆ ಎಂದುಕೊಳ್ಳಿ. ಮೊಸಳೆ ಚರ್ಮದಂತೆ ಸೀಳು ಸೀಳಾದ ತೊಗಟೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಹಬ್ಬಿದ ಬಳ್ಳಿಯನ್ನೂ ಗೆದ್ದಲಿನ ಮಣ್ಣನ್ನೂ ಸರಿಸಿ ಟೇಪು ಸುತ್ತಿದರೆ ಸುತ್ತಳತೆ 157 ಸೆಂಟಿಮೀಟರ್. ಅದನ್ನು 3.1416ರಿಂದ ಭಾಗಿಸಿದರೆ ವ್ಯಾಸ 50 ಸೆಂ.ಮೀ.

ಎತ್ತರ ತಿಳಿಯಲು ಮರ ಹತ್ತಬೇಕಿಲ್ಲ. ಸಮತಟ್ಟು ನೆಲದಲ್ಲಿ ಹಿಂದೆ ಹಿಂದೆ ಸರಿಯುತ್ತಾ, ಮರದ ತುದಿ ಕಣ್ಣಿಗೆ ಸರಿಯಾಗಿ 45 ಡಿಗ್ರಿ ಕೋನದಲ್ಲಿ ಕಾಣುವ ಕಡೆ ನಿಲ್ಲಬೇಕು. ಅಲ್ಲಿಂದ ಬುಡಕ್ಕೆ ಇರುವ ದೂರಕ್ಕೆ ನಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ ಸಿಕ್ಕಿತು. ದೂರ 18.5 ಮೀಟರ್, ಕಣ್ಣು 1.5 ಮೀಟರ್, ಮರ 20 ಮೀಟರ್. ಮರ ನಮ್ಮತ್ತ ವಾಲಿದ್ದರೆ ಮಾತ್ರ ಈ ಲೆಕ್ಕ ಹೆಚ್ಚು ತೋರಿಸುತ್ತದೆ, ಆಗ ಪಕ್ಕದಿಂದ ನೋಡಬೇಕು.

ಇನ್ನು ಮರದ ತೂಕ ತಿಳಿಯುವ ಸೂತ್ರ. ಝೆರೋಮ್ ಶಾವ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು ಇದು. ಉಷ್ಣವಲಯದ 58 ಕಡೆ ಕಡಿದು ತೂಗಿದ್ದ 4,004 ಮರಗಳ ಲೆಕ್ಕ ಇದರ ಹಿಂದಿದೆ.

```
AGB = 0.0673 × (ρ × D² × H)^0.976
```

D ಸೆಂಟಿಮೀಟರಿನಲ್ಲಿ ವ್ಯಾಸ, H ಮೀಟರಿನಲ್ಲಿ ಎತ್ತರ, ρ ಎಂದರೆ ಮರದ ಸಾಂದ್ರತೆ, ಅಂದರೆ ಹಸಿ ಮರದ ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಗ್ರಾಂ ಒಣ ತೂಕ ಎಂಬುದು. ಮತ್ತಿಗೆ ಸುಮಾರು 0.75 ಹಿಡಿದರೆ ಉತ್ತರ 1,960 ಕಿಲೋ. ನೀರೆಲ್ಲ ಆರಿದ ಮೇಲೆ, ನೆಲದ ಮೇಲಿನ ಭಾಗಕ್ಕಷ್ಟೇ ಈ ತೂಕ, ಬೇರು ಇದರಲ್ಲಿಲ್ಲ. ಇದರ ನೂರಕ್ಕೆ 47 ಪಾಲು ಇಂಗಾಲ, ಅಂದರೆ 920 ಕಿಲೋ.

ಈ 920 ಕಿಲೋ ಮಣ್ಣಿನಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದು. ಇವತ್ತಿನ ಗಾಳಿಯಲ್ಲಿ ಒಂದು ಘನ ಮೀಟರಿಗೆ ಇಂಗಾಲ ಇರುವುದು ಒಂದು ಗ್ರಾಂನ ಐದನೇ ಒಂದು ಪಾಲು ಮಾತ್ರ. ಆ ಲೆಕ್ಕದಲ್ಲಿ ಈ ಒಂದು ಮತ್ತಿಯ ಇಂಗಾಲ ಸುಮಾರು 45 ಲಕ್ಷ ಘನ ಮೀಟರ್ ಗಾಳಿಯಲ್ಲಿರುವಷ್ಟು. ನಂಜನಗೂಡಿನ ಶ್ರೀಕಂಠೇಶ್ವರನ ಗೋಪುರ ಸುಮಾರು 120 ಅಡಿ. ಅಂಥ ನಾಲ್ಕೂವರೆ ಗೋಪುರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ, ಅಷ್ಟೇ ಉದ್ದ, ಅಷ್ಟೇ ಅಗಲದ ಗಾಳಿಯ ಪೆಟ್ಟಿಗೆ ಅದು. ಅದರಲ್ಲಿದ್ದಷ್ಟು ಇಂಗಾಲವನ್ನು ಎರಡು ಕೈ ಚಾಚಿದರೆ ತಬ್ಬಬಹುದಾದ ಒಂದು ಕಾಂಡದ ಮರ ಹಿಡಿದಿಟ್ಟಿದೆ.

ನನ್ನನ್ನು ಇದಕ್ಕಿಂತ ಬೆರಗುಗೊಳಿಸುವ ಲೆಕ್ಕ ಇನ್ನೊಂದಿದೆ. ಪಕ್ಕದಲ್ಲೇ 10 ಸೆಂ.ಮೀ. ವ್ಯಾಸದ, 8 ಮೀಟರ್ ಎತ್ತರದ ಎಳೆಯ ಮತ್ತಿ ಇದೆ ಎನ್ನೋಣ. ಅದರ ತೂಕ 35 ಕಿಲೋ ದಾಟುವುದಿಲ್ಲ. ದಪ್ಪ ಐದು ಪಟ್ಟು, ತೂಕ 57 ಪಟ್ಟು! ವ್ಯಾಸದ ವರ್ಗಕ್ಕೆ ಎತ್ತರವೂ ಸೇರುವುದರಿಂದ ಹೀಗಾಗುತ್ತದೆ. ಹತ್ತು ಗುಂಟೆ ಜಾಗದಲ್ಲಿ ಅಂಥ ನಾಲ್ಕು ದೊಡ್ಡ ಮರ, ಮೂವತ್ತು ಎಳೆಯವು ಇದ್ದರೆ ಒಟ್ಟು ತೂಕ ಸುಮಾರು 8,880 ಕಿಲೋ, ಅದರಲ್ಲಿ 7,840 ಆ ನಾಲ್ಕರದ್ದೇ. ಎಕರೆಗೆ 16 ಟನ್ನಿಗೂ ಮೀರಿ ಇಂಗಾಲ. ನಾಲ್ಕು ಕಡಿದು ನಾನೂರು ಸಸಿ ನೆಟ್ಟೆವು ಎಂಬ ವರದಿ ಓದುವಾಗ ಈ ಅಂಕಿ ನೆನಪಿರಬೇಕು.

ಮರದ ಜಾತಿ ತಪ್ಪಿದರೆ ಲೆಕ್ಕ ಅರ್ಧಕ್ಕೆ ಬೀಳುತ್ತದೆ: ಅಷ್ಟೇ ಗಾತ್ರದ ಬೂರುಗದ ಸಾಂದ್ರತೆ ಸುಮಾರು 0.35, ತೂಕ 930 ಕಿಲೋ ಮಾತ್ರ. ಇನ್ನೂ ದೊಡ್ಡ ತಪ್ಪು, ಸುತ್ತಳತೆಯನ್ನೇ ವ್ಯಾಸವೆಂದು ತುಂಬುವುದು. ಆಗ ನಮ್ಮ ಮತ್ತಿ 18 ಟನ್ ತೂಗಿಬಿಡುತ್ತದೆ. ಪಟ್ಟಿಯಲ್ಲಿ ಒಂದೂವರೆ ಮೀಟರ್ ವ್ಯಾಸದ ಮರಗಳು ಸಾಲಾಗಿ ಕಂಡರೆ ಅಲ್ಲಿ ಭಾಗಾಕಾರ ಮರೆತಿದ್ದಾರೆ ಎಂದೇ ತಿಳಿಯಬೇಕು. ಟಿ. ನರಸೀಪುರದ ಕಡೆಯ ತೆಂಗಿನ ತೋಟಕ್ಕಂತೂ ಈ ಸೂತ್ರ ಸಲ್ಲದು. ತೆಂಗು ವರ್ಷ ವರ್ಷಕ್ಕೂ ಮೇಲೇರುತ್ತದೆ, ಮರದಂತೆ ದಪ್ಪವಾಗುವುದಿಲ್ಲ. ಒಳಗೆ ಪೊಟರೆಯಾದ ಹಳೇ ಹುಣಸೆಯೂ ಟೇಪಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಒಂದೇ ಮರದ ಮಟ್ಟಿಗೆ ಉತ್ತರ ಮೂರನೇ ಒಂದು ಭಾಗದಷ್ಟು ಆಚೀಚೆ ಆಗಬಹುದು. ಹತ್ತಾರು ಮರ ಕೂಡಿದಾಗ ಹೆಚ್ಚು ಕಡಿಮೆಗಳು ಸರಿದೂಗುತ್ತವೆ.

ಆದರೆ ಮರ ಬೆಳೆಯುತ್ತಲೇ ಇರುತ್ತದೆ, ಒಂದು ಸಲ ಅಳೆದರೆ ಸಾಲದು. ಬಂಡೀಪುರಕ್ಕೆ ತಾಗಿದ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಗುರುತಿಸಿ, ಒಂದು ಸೆಂ.ಮೀ. ವ್ಯಾಸ ದಾಟಿದ ಪ್ರತಿ ಕಾಂಡಕ್ಕೂ ಸಂಖ್ಯೆ ಕೊಟ್ಟರು. 25 ಸಾವಿರಕ್ಕೂ ಹೆಚ್ಚು ಕಾಂಡಗಳು. ಅವನ್ನು ಮತ್ತೆ ಮತ್ತೆ ಅಳೆಯುತ್ತಾ ಬಂದಿದ್ದಾರೆ. ನಮ್ಮ ಮತ್ತಿಯ ಸುತ್ತಳತೆ ಒಂದೇ ಒಂದು ಸೆಂಟಿಮೀಟರ್ ಹೆಚ್ಚಿದರೂ ತೂಕ 24 ಕಿಲೋ ಏರುತ್ತದೆ. ಅದು ಪಕ್ಕದ ಎಳೆಯ ಮರದ ಒಟ್ಟು ತೂಕದ ಮೂರನೇ ಎರಡು ಪಾಲಿಗೂ ಹೆಚ್ಚು. ಟೇಪು ಬೆರಳಗಲ ಕೆಳಗೆ ಜಾರಿದರೂ ಆ ಒಂದು ಸೆಂಟಿಮೀಟರ್ ಸುಳ್ಳಾಗಬಹುದು. ಹಾಗಾಗಿ ಮೊದಲ ಸಲವೇ 1.3 ಮೀಟರಿಗೆ ಬಣ್ಣದ ಗೆರೆ ಎಳೆದು, ಮುಂದಿನ ಬಾರಿ ಅದೇ ಗೆರೆಯ ಮೇಲೆ ಟೇಪು ಸುತ್ತಬೇಕು.